ಎಕ್ಸ್‌ಪೈರಿ ವಾರದಲ್ಲಿ ಮಾರಿದ ಕಾಲ್

“ಎಕ್ಸ್‌ಪೈರಿಗೆ ಎರಡು ದಿನ ಇದೆ. ಇಂಡೆಕ್ಸ್ 1000, ನಾನು ಮಾರಿದ್ದು 1010 ಕಾಲ್. ಡೆಲ್ಟಾ ಏರಿದಾಗೆಲ್ಲ ಫ್ಯೂಚರ್ ಕೊಂಡರೆ ಸಾಕಾ?”

ಸಾಕಾಗೋದಿಲ್ಲ. ಫ್ಯೂಚರ್ ಡೆಲ್ಟಾವನ್ನು ಮಾತ್ರ ಸರಿಮಾಡುತ್ತೆ, ಡೆಲ್ಟಾ ಬದಲಾಗುವ ವೇಗ, ಅಂದರೆ ಗಾಮಾ, ಹಾಗೇ ಉಳಿಯುತ್ತೆ.

ವೊಲಾಟಿಲಿಟಿ 16% ಅಂತಿಟ್ಟುಕೊಳ್ಳಿ. ಆಗ ನಿಮ್ಮ ಕಾಲ್ ಬೆಲೆ ಸುಮಾರು 2, ಡೆಲ್ಟಾ 0.24, ಗಾಮಾ 0.022, ಸಮಯ ಕಳೆದಂತೆ ಬೆಲೆ ಕರಗುವ ಥೀಟಾ ದಿನಕ್ಕೆ 1.1. ನೂರು ಯೂನಿಟ್ ಮಾರಿದ್ದರೆ 24 ಯೂನಿಟ್ ಫ್ಯೂಚರ್ ಕೊಳ್ಳುತ್ತೀರಿ. ಇಂಡೆಕ್ಸ್ 1005ಕ್ಕೆ ಹೋದರೆ ಡೆಲ್ಟಾ 0.36, ಇನ್ನೂ 12 ಕೊಳ್ಳಬೇಕು. ಅದು ವಾಪಸ್ 1000ಕ್ಕೆ ಬಂದರೆ ಆ 12ನ್ನು ಐದು ಪಾಯಿಂಟ್ ಕಡಿಮೆಗೆ ಮಾರುತ್ತೀರಿ. 60 ಹೋಯಿತು, ಅಲ್ವಾ? ಇಡೀ ದಿನದ ಥೀಟಾ ಬರೀ 110. ಇಂಥ ಎರಡು ಸುತ್ತಾದರೆ ಅದು ಪೂರ್ತಿ ಖಾಲಿ.

ಅದಕ್ಕೆ ಬೆಳಿಗ್ಗೆಯೇ ಒಂದು ಲೆಕ್ಕ ಹಾಕಿ: √(2 × ಥೀಟಾ ÷ ಗಾಮಾ). ಇಲ್ಲಿ ಉತ್ತರ 10. ಹೆಡ್ಜ್ ಮಾಡಿದ ಪೊಸಿಷನ್‌ಗೆ ಒಂದು ದಿನದಲ್ಲಿ ಹತ್ತು ಪಾಯಿಂಟ್‌ಗಿಂತ ಜಾಸ್ತಿ ಚಲನೆ ಬಂದರೆ, ಥೀಟಾದಿಂದ ಬಂದದ್ದನ್ನು ಗಾಮಾ ತಿಂದುಹಾಕುತ್ತೆ. ಅಷ್ಟು ಚಲನೆ ಬರಬಹುದು ಅನ್ನಿಸಿದರೆ ಫ್ಯೂಚರ್ ಬಿಡಿ, 1020 ಕಾಲ್ ಕೊಳ್ಳಿ. ಸುಮಾರು 0.5ಕ್ಕೆ ಸಿಗುತ್ತೆ. ಗಾಮಾ 0.011ಕ್ಕೆ ಇಳಿಯುತ್ತೆ, ಥೀಟಾ ಕೂಡ ಅರ್ಧದಷ್ಟಾಗುತ್ತೆ. ಆದರೆ ಮೇಲುಗಡೆ ನಷ್ಟ ಯೂನಿಟ್‌ಗೆ 8.5 ದಾಟೋದಿಲ್ಲ.

ಕೊನೆಯ ದಿನ ಇಂಡೆಕ್ಸ್ 1010ರ ಹತ್ತಿರವೇ ಓಡಾಡುತ್ತಿದ್ದರೆ ಯಾವ ಹೆಡ್ಜೂ ಬೇಡ. ಡೆಲ್ಟಾ ನಿಮಿಷಗಳಲ್ಲೇ 0.2ರಿಂದ 0.8ಕ್ಕೆ ಹಾರುತ್ತೆ. ನಾನಾದರೆ ಕಾಲ್ ವಾಪಸ್ ಕೊಂಡು ಮುಗಿಸುತ್ತೇನೆ.