ಶಕ ವರ್ಷಕ್ಕೂ ಕ್ರಿ.ಶ.ಗೂ ಎಷ್ಟು ವರ್ಷದ ಅಂತರ?

ಪ್ರಶ್ನೆ: ಹಂಪಿ ವಿರೂಪಾಕ್ಷ ದೇವಸ್ಥಾನದ ಕೃಷ್ಣದೇವರಾಯನ ಶಾಸನದಲ್ಲಿ ಶಕ 1430 ಅಂತ ಇದೆಯಂತೆ. ಕೆಲವರು 78 ಕೂಡಿಸಿ ಅಂತಾರೆ, ಕೆಲವರು 79 ಅಂತಾರೆ. ಪುಸ್ತಕದಲ್ಲಿ ನೋಡಿದರೆ 1510 ಅಂತ ಇದೆ. ಎರಡೂ ಲೆಕ್ಕ ಕೂಡುತ್ತಿಲ್ಲ. ಸರಿಯಾದ ಅಂತರ ಯಾವುದು?

ಉತ್ತರ: ಅಂತರ 78. ಆದರೆ ಶಕ ವರ್ಷ ಯುಗಾದಿಗೆ ಶುರುವಾಗುತ್ತದೆ, ಕ್ರಿ.ಶ. ವರ್ಷ ಜನವರಿಗೆ. ಹಾಗಾಗಿ ಯುಗಾದಿಯಿಂದ ಡಿಸೆಂಬರ್ 31ರವರೆಗಿನ ದಿನಕ್ಕೆ 78 ಕೂಡಿಸಬೇಕು. ಜನವರಿ ಬಂದ ಕೂಡಲೇ ಕ್ರಿ.ಶ. ಒಂದು ಮುಂದೆ ಹೋಗುತ್ತದೆ, ಶಕ ಮಾತ್ರ ಹಳೆಯದೇ ಇರುತ್ತದೆ. ಮುಂದಿನ ಯುಗಾದಿಯವರೆಗಿನ ಆ ಎರಡು ಮೂರು ತಿಂಗಳಿಗೆ 79. ಎರಡು ಉತ್ತರ ಸಿಗುವುದು ಇದರಿಂದಲೇ.

ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ ಅಷ್ಟೇ. ಹಾಗಿದ್ದೂ ಈ ಅಂತರ ಶತಮಾನಗಳಿಂದ ಬದಲಾಗಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಬರುವ ಅಧಿಕ ಮಾಸ ಕೊರತೆಯನ್ನು ತುಂಬಿಬಿಡುತ್ತದೆ. ಹಿಜರಿಯಲ್ಲಿ ಅಧಿಕ ಮಾಸ ಇಲ್ಲ, ಅದಕ್ಕೇ ಅಲ್ಲಿ ಒಂದೇ ಸಂಖ್ಯೆ ಕೂಡಿಸಿದರೆ ನಡೆಯುವುದಿಲ್ಲ.

ಮೊದಲು ಬೇಲೂರಿನ ಸುಲಭ ಉದಾಹರಣೆ ನೋಡಿ. ಚೆನ್ನಕೇಶವ ದೇವಸ್ಥಾನದ ಪ್ರತಿಷ್ಠೆಯ ಶಾಸನದಲ್ಲಿ ಶಕ 1039, ಹೇಮಲಂಬಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಶನಿವಾರ ಎಂದಿದೆ. ಚೈತ್ರ ಅಂದರೆ ವರ್ಷದ ಮೊದಲ ತಿಂಗಳು, ಆದ್ದರಿಂದ 78. 1039ಕ್ಕೆ 78 ಸೇರಿಸಿದರೆ 1117. ಆ ದಿನ 1117ರ ಮಾರ್ಚ್ 10, ವಾರವೂ ಶನಿವಾರವೇ.

ವಾರವನ್ನು ತಾಳೆ ನೋಡುವ ಹಾಗೆ ಸಂವತ್ಸರದ ಹೆಸರನ್ನೂ ನೋಡಬಹುದು. ನನಗಂತೂ ಇದೇ ಜಾಸ್ತಿ ನಂಬಿಕೆಯ ದಾರಿ. ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ (ಶೇಷ ಸೊನ್ನೆ ಬಂದರೆ ಕೊನೆಯ ಅಕ್ಷಯ). ಬೇಲೂರಿಗೆ 1039 + 12 = 1051, ಶೇಷ 31. ಮೂವತ್ತೊಂದನೆಯದು ಹೇಮಲಂಬಿಯೇ. ಎಲ್ಲ ಕೂಡಿತು.

ಈಗ ನಿಮ್ಮ ಹಂಪಿ ಶಾಸನ. ಅಲ್ಲಿರುವುದು ಶಕ 1430, ಶುಕ್ಲ ಸಂವತ್ಸರ, ಮಾಘ ಶುದ್ಧ 14. ಮಾಘ ಬರುವುದು ಜನವರಿ, ಫೆಬ್ರವರಿಯಲ್ಲಿ, ಆದ್ದರಿಂದ 79 ಕೂಡಿಸಬೇಕು. ಬರುವುದು 1509. ನೀವು ಸುಮ್ನೆ 78 ಕೂಡಿಸಿದ್ದರೆ 1508 ಬಂದಿರುತ್ತದೆ. ಎರಡೂ 1510 ಅಲ್ಲ. ಸಂವತ್ಸರ ತಾಳೆ ನೋಡಿ: 1430 + 12 = 1442, ಶೇಷ 2, ಅಂದರೆ ವಿಭವ. ಶಾಸನ ಹೇಳುವುದು ಶುಕ್ಲ, ಅದು ಮೂರನೆಯದು. ಶುಕ್ಲಕ್ಕೆ ಸರಿಹೊಂದುವ ಶಕ 1431. ಅಂದರೆ ಕಲ್ಲಿನ ಮೇಲಿನ ಅಂಕಿ ಒಂದು ವರ್ಷ ಹಿಂದಿದೆ. 1431ಕ್ಕೆ 79 ಸೇರಿಸಿದರೆ 1510. ವಿದ್ವಾಂಸರು ಇದನ್ನು 1510ರ ಜನವರಿ 23 ಅಥವಾ 24 ಎಂದು ಹಿಡಿಯುವುದು ಹೀಗೆ.

ಅಂಕಿಯನ್ನೇ ಯಾಕೆ ತಪ್ಪು ಅನ್ನಬೇಕು, ಹೆಸರು ತಪ್ಪಿರಬಾರದಾ ಅಂತ ಕೇಳಬಹುದು. ನಡೆಯುತ್ತಿರುವ ಸಂವತ್ಸರದ ಹೆಸರು ಪೂಜೆಯ ಸಂಕಲ್ಪದಲ್ಲಿ ದಿನವೂ ಬಾಯಿಗೆ ಬರುವಂಥದ್ದು. ಅದು ತಪ್ಪುವುದಕ್ಕಿಂತ ನಾಲ್ಕಂಕಿಯ ಸಂಖ್ಯೆಯಲ್ಲಿ ಒಂದು ಹೆಚ್ಚುಕಡಿಮೆ ಆಗುವುದೇ ಸುಲಭ ಅಲ್ವಾ?

ಇದಕ್ಕೆ ತಿರುಗುಮುರುಗಾದ ಸಂದರ್ಭವೂ ಇದೆ. ಸಾಮಾನ್ಯವಾಗಿ ಶಾಸನಗಳಲ್ಲಿ ಇರುವುದು ಗತ ವರ್ಷ, ಅಂದರೆ ಮುಗಿದುಹೋದ ವರ್ಷಗಳ ಎಣಿಕೆ. 78 ಎನ್ನುವುದು ಈ ಎಣಿಕೆಗೆ. ಕೆಲವು ಕಡೆ ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಬರೆದಿರುತ್ತಾರೆ, ಅದು ವರ್ತಮಾನ ಶಕ. ಬೇಲೂರಿನ ಅದೇ ಹೇಮಲಂಬಿಯನ್ನು ಹಾಗೆ ಬರೆದಿದ್ದರೆ 1040 ಅಂತ ಇರುತ್ತಿತ್ತು. ಆಗ 78ರ ಬದಲು 77, 79ರ ಬದಲು 78 ಕೂಡಿಸಬೇಕು. ಗತವೋ ವರ್ತಮಾನವೋ ಎಂದು ಶಾಸನ ಬಾಯಿಬಿಟ್ಟು ಹೇಳದಿದ್ದಾಗ ಮೇಲಿನ ಶೇಷದ ಲೆಕ್ಕವೇ ಹೇಳುತ್ತದೆ. ಶೇಷ ಕಲ್ಲಿನಲ್ಲಿರುವ ಹೆಸರಿಗಿಂತ ಒಂದು ಜಾಸ್ತಿ ಬಂದರೆ ಅದು ವರ್ತಮಾನ ಶಕ ಇರಬಹುದು.

ಪುಷ್ಯ ಮಾಸ ಕಂಡರೆ ಮಾತ್ರ ಸ್ವಲ್ಪ ನಿಧಾನಿಸಿ. ಅದು ಡಿಸೆಂಬರ್ ಮತ್ತು ಜನವರಿ ಎರಡರಲ್ಲೂ ಹರಡಿಕೊಳ್ಳುತ್ತದೆ, ಹಾಗಾಗಿ ಮಾಸ ಒಂದನ್ನೇ ನೋಡಿ 78 ಅಥವಾ 79 ಅನ್ನಲಾಗದು. ಹೊಯ್ಸಳರ ಕಾಲದ ಶಾಸನದಲ್ಲಿ ಪುಷ್ಯದ ಜೊತೆ ಉತ್ತರಾಯಣ ಸಂಕ್ರಮಣ ಎಂದಿದ್ದರೆ, ಈಗಿನ ಜನವರಿ 14ನ್ನು ನೆನೆದು 79 ಕೂಡಿಸಬೇಡಿ. 12ನೇ ಶತಮಾನದಲ್ಲಿ ಮಕರ ಸಂಕ್ರಾಂತಿ ಬೀಳುತ್ತಿದ್ದುದು ಡಿಸೆಂಬರ್ 24, 25ರ ಹೊತ್ತಿಗೆ. ಅಲ್ಲಿ 78 ಸರಿ.