ಇಪ್ಪತ್ತು ಪೀಸಿನ ಬಿಲ್ಲು

ಪ್ರಶ್ನೆ: ಆನ್‌ಲೈನ್‌ನಲ್ಲಿ ಬ್ರ್ಯಾಂಡೆಡ್ ಟ್ರಿಮ್ಮರ್ ಮಾರುತ್ತೇನೆ, ಬೆಂಗಳೂರು. ಕಂಪನಿಯವರು ನಕಲಿ ಅಂತ ದೂರು ಕೊಟ್ಟು ಲಿಸ್ಟಿಂಗ್ ತೆಗೆಸಿದ್ದಾರೆ. ಮಾಲು ಒರಿಜಿನಲ್ಲೇ, ಚಿಕ್ಕಪೇಟೆಯಿಂದ ತಂದದ್ದು. ಆದರೆ ಒಂದೆರಡು ಬಿಲ್ಲಿನಲ್ಲಿ ನನ್ನ ಜಿಎಸ್‌ಟಿ ನಂಬರ್ ಇಲ್ಲ. ಹೋಲ್‌ಸೇಲ್‌ನವರ ಹತ್ತಿರ ಸರಿ ಮಾಡಿಸಿ ಕಳಿಸಲಾ, ಇಲ್ಲಾ ಕಂಪನಿಯಿಂದಲೇ ಡೀಲರ್ ಲೆಟರ್ ತರಬೇಕಾ?

ಬಿಲ್ ಮುಟ್ಟಬೇಡಿ. ಮಿಕ್ಕಿದ್ದನ್ನು ಆಮೇಲೆ ಹೇಳುತ್ತೇನೆ, ಮೊದಲು ಇಷ್ಟು ತಲೆಯಲ್ಲಿರಲಿ.

ನಾನು ಮಾರುತ್ತಿದ್ದದ್ದು ಸೈಂಟಿಫಿಕ್ ಕ್ಯಾಲ್ಕುಲೇಟರ್. ಮನೆಯ ಹಿಂದಿನ ರೂಮೇ ಗೋಡೌನು. ಎಂಜಿನಿಯರಿಂಗ್ ಕಾಲೇಜು ಶುರುವಾಗುವ ಹೊತ್ತಿಗೆ ಇದಕ್ಕೆ ಸೀಸನ್. ಅವೆನ್ಯೂ ರೋಡಿನ ಒಬ್ಬ ಸ್ಟೇಷನರಿ ಹೋಲ್‌ಸೇಲ್‌ನವರ ಹತ್ತಿರ ಒಂದೇ ಮಾಡೆಲ್ 120 ಪೀಸ್ ತಂದಿದ್ದೆ. ಮೂರು ಸಲ: 50, 50, 20. ಪೀಸಿಗೆ 700 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ.

ಮೊದಲ ಎರಡು ಸಲ ಕಂಪ್ಯೂಟರ್ ಬಿಲ್. ನನ್ನ ಹೆಸರು, ವಿಳಾಸ, ಜಿಎಸ್‌ಟಿ ನಂಬರ್, ಮಾಡೆಲ್ ನಂಬರ್, ಎಲ್ಲ ಸರಿಯಾಗಿತ್ತು. ಮೂರನೇ ಸಲ ಸಂಜೆ ಏಳು ಗಂಟೆ, ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅರ್ಜೆಂಟಾಗಿ 20 ಪೀಸ್ ಬೇಕಿತ್ತು. ಹುಡುಗ ಕಾರ್ಬನ್ ಇಟ್ಟ ಬುಕ್ಕಿನಲ್ಲಿ ‘ಕ್ಯಾಲ್ಕುಲೇಟರ್ 20, ಕ್ಯಾಶ್’ ಅಂತ ಗೀಚಿ ಹರಿದು ಕೊಟ್ಟ. ಬಿಲ್ ನಂಬರ್ 1187. ನನ್ನ ಹೆಸರೂ ಇಲ್ಲ, ಮಾಡೆಲ್ಲೂ ಇಲ್ಲ. ನಾನು ಸುಮ್ನೆ ಜೇಬಿಗಿಟ್ಟುಕೊಂಡೆ.

ಆರು ವಾರ ಆದ ಮೇಲೆ ಬೆಳಗ್ಗೆ ಎದ್ದು ನೋಡಿದರೆ ಲಿಸ್ಟಿಂಗ್ ಇಲ್ಲ. ನೋಟಿಸಿನಲ್ಲಿ ದೂರಿನ ನಂಬರ್, ಕಂಪನಿಯ ಪರವಾಗಿ ದೂರು ಕೊಟ್ಟವರ ಇಮೇಲ್, ಕಾರಣ ಅಂತ ಒಂದೇ ಪದ: Counterfeit. ಕೆಳಗೆ, 365 ದಿನದೊಳಗಿನ ಖರೀದಿ ಬಿಲ್ ಕಳಿಸಿ, ಮಾರಿದಷ್ಟು ಮಾಲಿಗೆ ಅದು ಸಾಲಬೇಕು, ಸಪ್ಲೈಯರ್ ಫೋನ್ ನಂಬರ್ ಕೊಡಿ ಅಂತಿತ್ತು.

ಈಗ ನನ್ನ ಮೂರ್ಖತನ. ಅಷ್ಟು ಹೊತ್ತಿಗೆ ನಾನು ಮಾರಿದ್ದು 86 ಪೀಸ್. ರೂಮಿನಲ್ಲಿ 34 ಉಳಿದಿತ್ತು. ಒಳ್ಳೆಯ ಬಿಲ್ ಎರಡೇ ಸೇರಿ 100 ಪೀಸಿಗೆ ಇತ್ತು. ಅವರು ಕೇಳಿದ್ದು ಮಾರಿದಷ್ಟಕ್ಕೆ, ಅಂದರೆ 86ಕ್ಕೆ. ಎರಡು ಬಿಲ್ ಕಳಿಸಿ, ಆ 20 ಪೀಸನ್ನು ಪಕ್ಕಕ್ಕಿಟ್ಟು ಸುಮ್ಮನಿದ್ದಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ನನಗೆ 120 ಪೀಸಿಗೂ ಲೆಕ್ಕ ತೋರಿಸಬೇಕು ಅನ್ನುವ ಹಟ. ಒಂದು ಬಿಲ್ ಕಡಿಮೆಯಾದರೆ ನಕಲಿ ಅಂದುಬಿಡುತ್ತಾರೆ ಅನ್ನುವ ಹೆದರಿಕೆ.

ಅವೆನ್ಯೂ ರೋಡಿಗೆ ಓಡಿದೆ. ಸೇಟು ಊಟಕ್ಕೆ ಹೋಗಿದ್ದರು. ಹುಡುಗನಿಗೆ ಹೇಳಿದೆ, ಇದನ್ನು ಕಂಪ್ಯೂಟರಿನಲ್ಲಿ ಹೊಡೆದುಕೊಡಪ್ಪಾ, ನನ್ನ ಜಿಎಸ್‌ಟಿ ನಂಬರ್, ಮಾಡೆಲ್ ಎಲ್ಲ ಹಾಕಿ.

“ಅಣ್ಣ, ಅದೇ ನಂಬರಿಗಾ?”

“ಅದೇ ನಂಬರಿಗೆ, ಅದೇ ತಾರೀಖಿಗೆ.”

ಅವನು ಹಳೆಯ ಬಿಲ್ಲೊಂದನ್ನು ತೆರೆದು, ತಿದ್ದಿ, ಪ್ರಿಂಟ್ ತೆಗೆದು, ಸೀಲ್ ಒತ್ತಿ ಕೊಟ್ಟ. ನೋಡಲು ಚಂದವಾಗಿತ್ತು. ಮೂರೂ ಬಿಲ್ ಸ್ಕ್ಯಾನ್ ಮಾಡಿ ಕಳಿಸಿದೆ. ನಾನು ಸುಳ್ಳು ಹೇಳುತ್ತಿದ್ದೇನೆ ಅಂತ ಒಂದು ಕ್ಷಣವೂ ಅನಿಸಲಿಲ್ಲ. ಮಾಲು ತಂದದ್ದು ನಿಜ, ದುಡ್ಡು ಕೊಟ್ಟದ್ದು ನಿಜ, ಅಂಗಡಿ ನಿಜ. ಕಾಗದ ಮಾತ್ರ ಆಮೇಲೆ ಹುಟ್ಟಿದ್ದು.

ಅದು ಎಲ್ಲಿ ಸಿಕ್ಕಿಬಿತ್ತು ಗೊತ್ತಾ? ಮೊದಲ ಎರಡು ಬಿಲ್ಲಿನ ನಂಬರಿನಲ್ಲಿ ಅಂಗಡಿಯ ಅಕ್ಷರ, ವರ್ಷ, ಆಮೇಲೆ ಸಂಖ್ಯೆ ಇತ್ತು. ಮೂರನೆಯದರಲ್ಲಿ ಬರೀ 1187. ಕೈಬರಹದ ಬುಕ್ಕಿನ ಸರಣಿಯೇ ಬೇರೆ, ಕಂಪ್ಯೂಟರಿನ ಸರಣಿಯೇ ಬೇರೆ. ಒಂದೇ ಅಂಗಡಿಯ ಮೂರು ಬಿಲ್ ಪಕ್ಕಪಕ್ಕ ಇಟ್ಟರೆ ಮಗುವಿಗೂ ಕಾಣುತ್ತದೆ. ನನಗೆ ಕಾಣಲಿಲ್ಲ.

ಒಂಬತ್ತು ದಿನದ ಮೇಲೆ ಕಂಪನಿಯ ಪರ ಯಾರೋ ಅಂಗಡಿಗೆ ಫೋನ್ ಮಾಡಿ 1187ರ ಬಗ್ಗೆ ಕೇಳಿದರು. ಈ ಸಲ ಎತ್ತಿದ್ದು ಸೇಟು. ಬುಕ್ ತೆಗೆದು ಕಾರ್ಬನ್ ಕಾಪಿ ನೋಡಿ ಇದ್ದದ್ದನ್ನೇ ಹೇಳಿದರು: ಕ್ಯಾಶ್ ಸೇಲ್, 20 ಪೀಸ್, ಹೆಸರಿಲ್ಲ, ಕಂಪ್ಯೂಟರ್ ಬಿಲ್ ನಾವು ಕೊಟ್ಟಿಲ್ಲ. ಆಮೇಲೆ ನನಗೆ ಫೋನ್ ಬಂತು. “ಏನಪ್ಪಾ, ನನ್ನ ಬಿಲ್ ಬುಕ್ಕನ್ನ ನೀನು ಬರೆಯೋಕೆ ಶುರು ಮಾಡಿದೆಯಾ?”

ಸಂಜೆಯೊಳಗೆ ಪೂರ್ತಿ ಅಕೌಂಟೇ ಬಂದ್. ಕಾರಣ ಬದಲಾಗಿತ್ತು. ಈಗ ನಕಲಿ ಮಾಲು ಅಲ್ಲ, ನಕಲಿ ದಾಖಲೆ. ಜಾಮಿಟ್ರಿ ಬಾಕ್ಸು, ಪೆನ್ನು, ಎಲ್ಲ ನಿಂತಿತು. ಬರಬೇಕಿದ್ದ 61,000 ರೂಪಾಯಿ ತಡೆದರು. ನಕಲಿ ಮಾಲಿನ ಆರೋಪವನ್ನು ಬಿಲ್ ತೋರಿಸಿ ಅಳಿಸಬಹುದು. ನಕಲಿ ಬಿಲ್ ಕೊಟ್ಟವನು ಇನ್ನೇನು ತೋರಿಸಿದರೂ ಯಾರೂ ನಂಬುವುದಿಲ್ಲ, ಒಳ್ಳೆಯ ಎರಡು ಬಿಲ್ಲನ್ನೂ ಸೇರಿಸಿ.

ಸೇಟು ಒಪ್ಪಿಕೊಂಡು ‘ಹೌದು, ಕೊಟ್ಟಿದ್ದೇವೆ’ ಅಂದಿದ್ದರೂ ನಿಲ್ಲುತ್ತಿರಲಿಲ್ಲ. ಇದು ನನಗೆ ನಮ್ಮ ಆಡಿಟರ್ ಹೇಳಿದ ಮೇಲೆ ಅರ್ಥವಾಯಿತು. ನಿಮ್ಮ ಜಿಎಸ್‌ಟಿ ನಂಬರ್ ಹಾಕಿ ಬಿಲ್ ಮಾಡಿದರೆ ಸಪ್ಲೈಯರ್ ಅದನ್ನು ತನ್ನ ರಿಟರ್ನಿನಲ್ಲಿ ನಿಮ್ಮ ನಂಬರಿನ ಮುಂದೆ ಬಿಲ್‌ವಾರು ತೋರಿಸಬೇಕು. ಅದು ನಿಮ್ಮ GSTR-2B ಪಟ್ಟಿಯಲ್ಲಿ ತಾನಾಗಿ ಬರುತ್ತದೆ. ಪ್ರತಿ ತಿಂಗಳು 14ಕ್ಕೆ ಆ ಪಟ್ಟಿ ಸಿದ್ಧವಾಗುತ್ತದೆ. ಸಪ್ಲೈಯರ್ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಾದರೆ ಸ್ವಲ್ಪ ತಡವಾಗಬಹುದು. ಕ್ಯಾಶ್ ಬಿಲ್ ಹಾಗಲ್ಲ. ಅಂಥ ಸಣ್ಣ ಬಿಲ್ಲುಗಳೆಲ್ಲ ಒಟ್ಟು ಮೊತ್ತದಲ್ಲಿ ಕರಗಿ ಹೋಗುತ್ತವೆ. ನನ್ನ GSTR-2B ಯಲ್ಲಿ ಎರಡು ಬಿಲ್ ಇತ್ತು, ಮೂರನೆಯದು ಇರಲಿಲ್ಲ. ಅಂದರೆ ನಾನು ಕಳಿಸಿದ ಕಾಗದವನ್ನು ಸರ್ಕಾರದ ದಾಖಲೆಯೇ ಸುಳ್ಳು ಅನ್ನುತ್ತಿತ್ತು. ಈ ಪಟ್ಟಿಯಲ್ಲಿ ಬಿಲ್ ನಂಬರ್, ತಾರೀಖು, ಮೊತ್ತ ಬರುತ್ತದೆಯೇ ಹೊರತು ಯಾವ ಮಾಡೆಲ್, ಎಷ್ಟು ಪೀಸ್ ಅಂತ ಬರುವುದಿಲ್ಲ. ಹಾಗಾಗಿ ಬಿಲ್ಲೂ ಬೇಕು, ಪಟ್ಟಿಯೂ ಬೇಕು. ಎರಡೂ ಒಂದಕ್ಕೊಂದು ಸಾಕ್ಷಿ.

ಇನ್ನು ನಿಮ್ಮ ಡೀಲರ್ ಲೆಟರ್ ವಿಷಯ. ನನ್ನ ಪ್ರಕಾರ ಆ ಪ್ರಶ್ನೆಯೇ ತಪ್ಪು. ದೂರು ಕೊಟ್ಟ ಕಂಪನಿ ನಿಮಗೆ ಯಾಕೆ ಲೆಟರ್ ಕೊಡುತ್ತದೆ? ನೀವು ಡೀಲರ್ ಅಂತ ತೋರಿಸಬೇಕಾಗಿಯೂ ಇಲ್ಲ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 30(3) ನೋಡಿ. ಬ್ರ್ಯಾಂಡಿನ ಮಾಲೀಕರು ಅಥವಾ ಅವರ ಒಪ್ಪಿಗೆ ಪಡೆದವರು ಒಮ್ಮೆ ಮಾರುಕಟ್ಟೆಗೆ ಬಿಟ್ಟ ಮಾಲನ್ನು ಕಾನೂನುಬದ್ಧವಾಗಿ ಕೊಂಡವನು ಮತ್ತೆ ಮಾರಿದರೆ, ಬ್ರ್ಯಾಂಡು ಬೇರೆಯವರದು ಅನ್ನುವ ಒಂದೇ ಕಾರಣಕ್ಕೆ ಅದು ಉಲ್ಲಂಘನೆಯಲ್ಲ. ಆದರೆ ಮುಂದಿನ 30(4) ಅನ್ನೂ ಓದಿ. ಮಾಲಿನ ಸ್ಥಿತಿ ಬದಲಾಗಿದ್ದರೆ, ಕೆಟ್ಟಿದ್ದರೆ ಅವರು ತಡೆಯಬಹುದು. ಟ್ರಿಮ್ಮರಿನ ಡಬ್ಬಿ ತೆರೆದು ಬೇರೆ ಚಾರ್ಜರ್ ಹಾಕಿ ಮಾರಿದ್ದರೆ ಈ ಮಾತು ನಿಮ್ಮ ಪರ ನಿಲ್ಲುವುದು ಕಷ್ಟ.

ನೀವು ತೋರಿಸಬೇಕಾದದ್ದು ಮಾಲು ನಡೆದು ಬಂದ ದಾರಿ. ಕಂಪನಿ, ಅಲ್ಲಿಂದ ಡಿಸ್ಟ್ರಿಬ್ಯೂಟರ್, ಅಲ್ಲಿಂದ ಚಿಕ್ಕಪೇಟೆ, ಅಲ್ಲಿಂದ ನೀವು. ನಿಮ್ಮ ಬಿಲ್ ಕೊನೆಯ ಒಂದು ಹೆಜ್ಜೆಯನ್ನಷ್ಟೇ ತೋರಿಸುತ್ತದೆ. ಚಿಕ್ಕಪೇಟೆಯವರಿಗೆ ಮಾಲು ಎಲ್ಲಿಂದ ಬಂತು ಅನ್ನುವುದು ಅದರಲ್ಲಿಲ್ಲ. ಕಂಪನಿಯವರಿಗೆ ಅನುಮಾನ ಇರುವುದೇ ಅಲ್ಲಿ.

ನನ್ನನ್ನು ಕೊನೆಗೆ ಉಳಿಸಿದ್ದು ಇದೇ. ಎರಡು ವಾರ ಸೇಟು ನನ್ನ ಮುಖ ನೋಡಲಿಲ್ಲ. ಮೂರನೇ ಸಲ ಹೋದಾಗ ಕೂರಿಸಿ ಟೀ ತರಿಸಿದರು. ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ನಡೆದದ್ದನ್ನು ಬರೆದುಕೊಟ್ಟರು: 1187 ಕೈಬಿಲ್, ಈ ತಾರೀಖು, ಈ ಮಾಡೆಲ್ 20 ಪೀಸ್, ಇವರಿಗೇ ಮಾರಿದ್ದು, ಕಂಪ್ಯೂಟರ್ ಪ್ರತಿ ಆಮೇಲೆ ತೆಗೆದದ್ದು, ಅದನ್ನು ಪರಿಗಣಿಸಬೇಡಿ. ಜೊತೆಗೆ ಡಿಸ್ಟ್ರಿಬ್ಯೂಟರಿನಿಂದ ತಾವು ಕೊಂಡ ಬಿಲ್ಲಿನ ಜೆರಾಕ್ಸ್. ತಮ್ಮ ಖರೀದಿ ಬೆಲೆ ನನಗೆ ಕಾಣಬಾರದು ಅಂತ ಆ ಕಾಲಂ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗೀಟು ಎಳೆದರು. ಎಳೆಯಲಿ ಬಿಡಿ, ಬೆಲೆ ಯಾರಿಗೂ ಬೇಕಿಲ್ಲ. ಆದರೆ ಹಾಗೆ ಮುಚ್ಚಿದ್ದೀವಿ ಅಂತ ಪತ್ರದಲ್ಲೇ ಹೇಳಿ. ಹೆಸರು, ನಂಬರ್, ತಾರೀಖು, ಮಾಡೆಲ್, ಪೀಸು ಮುಚ್ಚಬಾರದು.

ಆ ಡಿಸ್ಟ್ರಿಬ್ಯೂಟರ್ ಬಿಲ್ ಇ-ಇನ್‌ವಾಯ್ಸ್ ಆಗಿತ್ತು. ವರ್ಷಕ್ಕೆ 5 ಕೋಟಿಗಿಂತ ಜಾಸ್ತಿ ವಹಿವಾಟು ಇರುವವರು ವ್ಯಾಪಾರಿಗಳಿಗೆ ಮಾರುವಾಗ 2023ರ ಆಗಸ್ಟ್‌ನಿಂದ ಅದನ್ನೇ ಕೊಡಬೇಕು. ಅದರ ಮೇಲೆ ಒಂದು ಕ್ಯೂಆರ್ ಕೋಡ್ ಇರುತ್ತದೆ. ಜಿಎಸ್‌ಟಿಯ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ಬಿಲ್ ಅಸಲಿಯೋ ಅಲ್ಲವೋ ಕೂಡಲೇ ಗೊತ್ತಾಗುತ್ತದೆ. ಜೆರಾಕ್ಸ್ ಮಾಡುವಾಗ ಆ ಕೋಡ್ ಮಸುಕಾಗದಂತೆ ನೋಡಿಕೊಳ್ಳಿ. ನನ್ನದು ಮೊದಲ ಸಲ ಕರಿ ಚೌಕವಾಗಿ ಬಂದಿತ್ತು.

ಇದನ್ನೆಲ್ಲ ಮಾರ್ಕೆಟ್‌ಪ್ಲೇಸಿಗೆ ಮಾತ್ರ ಅಲ್ಲ, ನೋಟಿಸಿನಲ್ಲಿದ್ದ ಕಂಪನಿಯ ಇಮೇಲಿಗೂ ಕಳಿಸಿದೆ. ನಾನು ಮಾಡಿದ್ದನ್ನು ಮುಚ್ಚಿಡದೆ ಬರೆದೆ. ಕಂಪನಿ ದೂರು ವಾಪಸ್ ತೆಗೆದುಕೊಳ್ಳಲು ಐದು ವಾರ ಹಿಡಿಯಿತು. ಅಕೌಂಟ್ ತೆರೆಯಿತು, ದುಡ್ಡು ಬಂತು. ಕ್ಯಾಲ್ಕುಲೇಟರ್ ಲಿಸ್ಟಿಂಗ್ ಮಾತ್ರ ಇವತ್ತಿಗೂ ಬಂದಿಲ್ಲ. ಸೀಸನ್ನೂ ಮುಗಿದಿತ್ತು. ಉಳಿದ 34 ಪೀಸನ್ನು ಕಾಲೇಜಿನ ಹತ್ತಿರದ ಒಂದು ಜೆರಾಕ್ಸ್ ಅಂಗಡಿಗೆ ಅಸಲಿಗೆ ಕೊಟ್ಟೆ.

ನಿಮ್ಮ ನೋಟಿಸನ್ನು ಇನ್ನೊಮ್ಮೆ ಓದಿ. ಕಾರಣ ನಿಜಕ್ಕೂ Counterfeit ಅಂತಲೇ ಇದೆಯಾ? Copyright ಅಂತಿದ್ದರೆ ನಿಮ್ಮ ಬಿಲ್ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಅದು ಕಂಪನಿಯ ಫೋಟೊ ಎತ್ತಿ ಹಾಕಿದ್ದಕ್ಕೆ ಬಂದ ದೂರು. ಫೋಟೊ ತೆಗೆದು, ನೀವೇ ಟ್ರಿಮ್ಮರ್ ಇಟ್ಟು ಹೊಸದು ಹೊಡೆಯಿರಿ.

Counterfeit ಅಂತಲೇ ಇದ್ದರೆ ಮಾರಿದ ಪೀಸು ಎಷ್ಟು, ಒಳ್ಳೆಯ ಬಿಲ್ಲಿನಲ್ಲಿರುವ ಪೀಸು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ನೋಡಿ. ಸಾಲುತ್ತದೆ ಅಂದರೆ ಒಳ್ಳೆಯ ಬಿಲ್ ಮಾತ್ರ ಕಳಿಸಿ, ನಂಬರಿಲ್ಲದ ಬಿಲ್ಲಿನ ಮಾಲನ್ನು ಆನ್‌ಲೈನಿಂದ ಇಳಿಸಿ. ಸಾಲದಿದ್ದರೆ ಆ ಬಿಲ್ಲನ್ನು ಇದ್ದ ಹಾಗೇ, ಅಂಗಡಿಯವರ ಪತ್ರದ ಜೊತೆ ಕಳಿಸಿ. ಚಿಕ್ಕಪೇಟೆಗೆ ಬೆಳಗ್ಗೆ ಹನ್ನೊಂದರ ಒಳಗೆ ಹೋಗಿ, ಆಮೇಲೆ ಯಾರೂ ನಿಮ್ಮ ಮಾತು ಕೇಳುವುದಿಲ್ಲ. ಗಲ್ಲಾದ ಮೇಲಿನ ಹುಡುಗನ ಹತ್ತಿರ ಏನೂ ಕೇಳಬೇಡಿ. ಯಜಮಾನರು ಬರುವವರೆಗೆ ಕಾಯಿರಿ.