ಟ್ಯಾಗ್ ಕೈಗೆ ಸಿಗುವವರೆಗೂ ಅದನ್ನು ಆಪ್‌ನಿಂದ ತೆಗೀಬೇಡಿ

ಪ್ರಶ್ನೆ: ಬ್ಯಾಗಲ್ಲಿ ಹಾಕಿದ ಬ್ಲೂಟೂತ್ ಟ್ಯಾಗ್ ರಿಂಗ್ ಆಗ್ತಿಲ್ಲ, ಮ್ಯಾಪಲ್ಲಿ ನಿನ್ನೆಯ ಜಾಗಾನೇ ತೋರಿಸ್ತಿದೆ. ಬ್ಯಾಗ್ ಎಲ್ಲಿ ಬಿಟ್ಟೆ ಅಂತ ನೆನಪಿಲ್ಲ. ಸೆಲ್ ಹೊಸದೇ. ಫೋನು ಆಂಡ್ರಾಯ್ಡ್, ಊರು ಚಿತ್ರದುರ್ಗದ ಹತ್ರ ಹಳ್ಳಿ. ಆಪ್‌ನಿಂದ ತೆಗೆದು ಮತ್ತೆ ಪೇರ್ ಮಾಡ್ಲಾ, ಇಲ್ಲಾ ಜಾಸ್ತಿ ರೇಂಜ್ ಇರೋ ಟ್ಯಾಗ್ ತಗೊಳ್ಲಾ?

ಎರಡೂ ಬೇಡ. ಮೊದಲನೆಯದನ್ನಂತೂ ದಯವಿಟ್ಟು ಮಾಡಲೇಬೇಡಿ, ನಾನು ಅದನ್ನೇ ಮಾಡಿ ಕೂತವನು.

ದಾವಣಗೆರೆಯಿಂದ ಚನ್ನಗಿರಿ ಕಡೆ ಹೋಗುವ ಖಾಸಗಿ ಬಸ್ಸಿನಲ್ಲಿ ಸಂತೇಬೆನ್ನೂರಿಗೆ ಹೊರಟಿದ್ದೆ. ಸೀಟಿನ ಮೇಲಿನ ರ‍್ಯಾಕಿನಲ್ಲಿ ಬ್ಯಾಗು, ಅದರಲ್ಲಿ ತಂಗಿಯ ಎಸ್‌ಎಸ್‌ಎಲ್‌ಸಿ, ಪಿಯುಸಿ ಮಾರ್ಕ್ಸ್ ಕಾರ್ಡುಗಳು, ಒಳಜೇಬಲ್ಲಿ ಟ್ಯಾಗು. ಸಂತೇಬೆನ್ನೂರಲ್ಲಿ ಇಳಿದೆ, ಬ್ಯಾಗು ಬಸ್ಸಲ್ಲೇ ಉಳಿಯಿತು. ನೆನಪಾಗುವ ಹೊತ್ತಿಗೆ ಬಸ್ಸು ಊರು ದಾಟಿತ್ತು. ಆಪ್ ತೆಗೆದರೆ ಬ್ಯಾಗು ಸಂತೇಬೆನ್ನೂರಲ್ಲೇ ಇದೆ ಅಂತ ಮ್ಯಾಪು ತೋರಿಸಿತು. ಬಸ್ ಸ್ಟಾಪಿಗೆ ಓಡಿ ಬಂದು ರಿಂಗ್ ಒತ್ತಿದೆ, ಸದ್ದಿಲ್ಲ. ಮತ್ತೆ ಮತ್ತೆ ಒತ್ತಿದೆ. ಬ್ಯಾಗು ಇಲ್ಲೇ ಎಲ್ಲೋ ಇದೆ, ಯಾರೋ ಇಳಿಸಿಟ್ಟಿದ್ದಾರೆ, ಟ್ಯಾಗೇ ಕೆಟ್ಟಿದೆ ಅಂದುಕೊಂಡು, ಹೊಸದಾಗಿ ಪೇರ್ ಮಾಡಿದರೆ ಸರಿಹೋದೀತು ಅಂತ ಆಪ್‌ನಿಂದ ಅದನ್ನು ತೆಗೆದುಹಾಕಿದೆ. ಆಮೇಲೆ ಪೇರ್ ಮಾಡಲು ಹುಡುಕಿದರೆ ಟ್ಯಾಗು ಸಿಗಲೇ ಇಲ್ಲ. ಹೇಗೆ ಸಿಗುತ್ತೆ, ಅದು ಚನ್ನಗಿರಿ ರಸ್ತೆಯಲ್ಲಿತ್ತು.

ಈ ಒಂದು ಹೆಜ್ಜೆ ಯಾಕೆ ಅಷ್ಟು ದುಬಾರಿಯಾಯಿತು ಅಂತ ಬಿಡಿಸಿ ಹೇಳ್ತೀನಿ, ನೀವು ಈಗ ಅದೇ ಜಾಗದಲ್ಲಿ ನಿಂತಿದ್ದೀರಿ. ಟ್ಯಾಗಿನಲ್ಲಿ ಜಿಪಿಎಸ್ ಇಲ್ಲ, ಸಿಮ್ಮೂ ಇಲ್ಲ. ಅದು ಆಗಾಗ ಒಂದು ಸಣ್ಣ ಬ್ಲೂಟೂತ್ ಸಂಕೇತ ಬಿಡುತ್ತಿರುತ್ತೆ, ಅಷ್ಟೇ. ಹತ್ತಿರ ಹಾದುಹೋಗುವ ಅಪರಿಚಿತರ ಆಂಡ್ರಾಯ್ಡ್ ಫೋನು ಆ ಸಂಕೇತವನ್ನು ಕೇಳಿ, ತಾನಿರುವ ಜಾಗವನ್ನು ಗೂಢಲಿಪಿಯಲ್ಲಿ ಗೂಗಲ್‌ಗೆ ಕಳಿಸುತ್ತೆ. ಆ ಲಿಪಿ ಬಿಡಿಸುವ ಕೀಲಿ ಇರುವುದು ಟ್ಯಾಗ್ ಮಾಲೀಕನ ಖಾತೆಯಲ್ಲಿ ಮಾತ್ರ. ಟ್ಯಾಗನ್ನು ಖಾತೆಯಿಂದ ತೆಗೆದರೆ ಕೀಲಿ ಹೋಯಿತು. ಆಮೇಲೆ ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಎಷ್ಟು ಫೋನುಗಳು ಅದರ ಪಕ್ಕ ಓಡಾಡಿದರೂ ನನ್ನ ಮ್ಯಾಪಿಗೆ ಏನೂ ಬರುವಂತಿರಲಿಲ್ಲ. ಮತ್ತೆ ಪೇರ್ ಮಾಡೋಣ ಅಂದರೆ ಟ್ಯಾಗು ಕೈಯಲ್ಲೇ ಇರಬೇಕು, ಅದನ್ನು ರೀಸೆಟ್ ಕೂಡ ಮಾಡಬೇಕು. ಕಳೆದ ವಸ್ತುವಿಗೆ ಅದು ಆಗದ ಮಾತು.

ಬ್ಯಾಗು ಕೊನೆಗೆ ಸಿಕ್ಕಿತು. ಕಂಡಕ್ಟರ್ ಅದನ್ನು ಚನ್ನಗಿರಿ ಸ್ಟ್ಯಾಂಡಿನ ಒಂದು ಅಂಗಡಿಯಲ್ಲಿ ಕೊಟ್ಟಿದ್ದರು. ಅಂಗಡಿಯ ಅಣ್ಣ ಮಾರ್ಕ್ಸ್ ಕಾರ್ಡಿನಲ್ಲಿದ್ದ ಕಾಲೇಜಿನ ಹೆಸರು ನೋಡಿ ಅಲ್ಲಿಗೆ ಫೋನ್ ಮಾಡಿ ನಮ್ಮನ್ನು ಹುಡುಕಿದರು. ಅಷ್ಟರಲ್ಲಿ ನಾವು ನಕಲು ಪ್ರತಿಗೆ ದುಡ್ಡು ಕಟ್ಟಿ ಅರ್ಜಿ ಹಾಕಿಯಾಗಿತ್ತು, ತಂಗಿ ಸೇರಬೇಕಿದ್ದ ಕಾಲೇಜಿನ ದಾಖಲಾತಿ ಮುಗಿದಿತ್ತು. ಟ್ಯಾಗಿನ ಸೆಲ್ ತೆಗೆದು ಅದನ್ನೇ ವಾಪಸ್ ಹಾಕಿದೆ, ಕಿಣಿ ಅಂತ ಕೂಗಿತು. ಕೆಟ್ಟೇ ಇರಲಿಲ್ಲ. ಖಾತೆಯಲ್ಲಿ ಬಿಟ್ಟಿದ್ದರೆ ಅಂದು ಸಂಜೆಯೇ ಚನ್ನಗಿರಿ ಸ್ಟ್ಯಾಂಡು ಮ್ಯಾಪಿನಲ್ಲಿ ಕಾಣುವ ಸಾಧ್ಯತೆ ಹೆಚ್ಚಿತ್ತು.

ನಾನು ಆ ದಿನ ತಪ್ಪಾಗಿ ಓದಿದ್ದು ಮ್ಯಾಪನ್ನು. ಅಲ್ಲಿ ನಿಂತುಬಿಟ್ಟ ಚುಕ್ಕಿಯ ಕೆಳಗೆ ಸಮಯ ಬರೆದಿರುತ್ತೆ, ನಾನು ಅದನ್ನು ನೋಡಲೇ ಇಲ್ಲ. ಬೇರೆ ಯಾರ ಫೋನೂ ಟ್ಯಾಗನ್ನು ಕೇಳಿಸಿಕೊಳ್ಳದಿದ್ದರೆ, ಆ ಚುಕ್ಕಿ ನಿಮ್ಮದೇ ಫೋನು ಟ್ಯಾಗನ್ನು ಕೊನೆಯ ಸಲ ಕೇಳಿದ ಜಾಗ, ಅಂದರೆ ನೀವೂ ಬ್ಯಾಗೂ ಬೇರೆಯಾದ ಜಾಗ. ನಿಮಗೆ ನಿನ್ನೆಯ ಜಾಗ ತೋರಿಸುತ್ತಿದೆ ಅಂದರೆ ಅದು ದೋಷವಲ್ಲ, ನಿಮ್ಮ ಕೈಲಿರುವ ಒಳ್ಳೆಯ ಸುಳಿವು. ಆ ಹೊತ್ತಿಗೆ ನೀವು ಎಲ್ಲಿದ್ದಿರಿ, ಯಾವ ಬಸ್ಸು, ಯಾವ ಆಟೋ, ಅಲ್ಲಿಂದ ಹುಡುಕಲು ಶುರು ಮಾಡಿ.

ರಿಂಗ್ ವಿಷಯಕ್ಕೆ ಬರೋಣ. ಲೊಕೇಶನ್ ಊರವರ ಫೋನಿಂದ ಬರಬಹುದು, ರಿಂಗ್ ಹಾಗಲ್ಲ. ನಿಮ್ಮ ಫೋನು ನೇರವಾಗಿ ಟ್ಯಾಗಿನ ಬ್ಲೂಟೂತ್ ವ್ಯಾಪ್ತಿಯೊಳಗೆ ಇರಬೇಕು. ಬಯಲಲ್ಲಿ ಒಂದಿಷ್ಟು ದೂರದಿಂದ ಸಿಕ್ಕೀತು. ಬಟ್ಟೆ ತುಂಬಿದ ಬ್ಯಾಗು, ಜನ, ಬಸ್ಸಿನ ತಗಡು ಮಧ್ಯೆ ಬಂದರೆ ಕೆಲವೇ ಮೀಟರಿಗೆ ಇಳಿಯುತ್ತೆ. ಕಬ್ಬಿಣದ ಬೀರುವಿನಲ್ಲಿದ್ದರೆ ಪಕ್ಕದ ಕೋಣೆಗೂ ತಲುಪದೆ ಹೋಗಬಹುದು. ಹೀಗಾಗಿ ಬ್ಯಾಗ್ ಇರಬಹುದಾದ ಪ್ರತಿ ಮನೆ, ಅಂಗಡಿಯೊಳಗೆ ಹೋಗಿ ಸ್ವಲ್ಪ ನಿಂತು, ಆಪ್ ಕನೆಕ್ಟ್ ಆಗುವವರೆಗೆ ಕಾದು ಒತ್ತಿ. ಫೋನಿನಲ್ಲಿ ಬ್ಲೂಟೂತ್ ಜೊತೆ ಲೊಕೇಶನ್ ಕೂಡ ಆನ್ ಇರಲಿ.

ಜಾಸ್ತಿ ರೇಂಜಿನ ಟ್ಯಾಗು ಬೇಕು ಅನ್ನುವುದನ್ನು ನಾನು ಒಪ್ಪುವುದೇ ಇಲ್ಲ. ಡಬ್ಬಿಯ ಮೇಲೆ ನೂರು ಮೀಟರ್ ಅಂತ ಬರೆದಿದ್ದರೂ ಅದು ಅಡ್ಡಿಯಿಲ್ಲದ ಬಯಲಿನ ಲೆಕ್ಕ, ಬೇರೆ ಊರು ಸೇರಿದ ಬ್ಯಾಗಿಗೆ ಅದರಿಂದ ಏನೂ ಆಗದು. ಹಳ್ಳಿಯಲ್ಲಿ ನಿಜವಾದ ತೊಡಕು ಬೇರೆ ಇದೆ. ಗೂಗಲ್‌ನ ಈ ಜಾಲದಲ್ಲಿ ಮೊದಲಿಂದ ಇರುವ ಸೆಟ್ಟಿಂಗು ಜನ ಜಾಸ್ತಿ ಓಡಾಡುವ ಕಡೆಗಷ್ಟೇ. ಒಂದೇ ಫೋನು ಟ್ಯಾಗನ್ನು ಕೇಳಿದರೆ ಸಾಲದು, ಹಲವು ಫೋನುಗಳು ಕೇಳಿದ ಮೇಲೇ ಜಾಗ ತೋರಿಸುತ್ತೆ. ದಾವಣಗೆರೆಯ ಮಂಡಿಪೇಟೆಯಲ್ಲಿ ಅದು ನಡೆದೀತು, ತೋಟದ ದಾರಿಯಲ್ಲಿ ನಡೆಯಲ್ಲ. Find Hub ಆಪ್‌ನ ಸೆಟ್ಟಿಂಗಿನಲ್ಲಿ "Find your offline devices" ಒಳಗೆ ಹೋಗಿ "With network in all areas" ಆರಿಸಿ. ನಿಮ್ಮ ಒಂದು ಫೋನಿನಲ್ಲಿ ಮಾಡಿದರೆ ಸಾಲದು, ಜಾಗ ತಿಳಿಸುವುದು ಬೇರೆಯವರ ಫೋನಲ್ಲವೇ. ಮನೆಯವರು, ಅಕ್ಕಪಕ್ಕದವರು, ನೀವು ದಿನಾ ಹೋಗುವ ಬಸ್ಸಿನ ಕಂಡಕ್ಟರಣ್ಣ, ಎಲ್ಲರ ಫೋನಲ್ಲೂ ಕೇಳಿ ಮಾಡಿಸಿ. ನಮ್ಮ ಓಣಿಯಲ್ಲಿ ನಾನೇ ಮನೆ ಮನೆಗೆ ಹೋಗಿ ಮಾಡಿಸಿದ್ದೀನಿ.

ಸೆಲ್ ಹೊಸದು ಅಂದಿರಿ. ಹೊಸದು ಅಂದಮಾತ್ರಕ್ಕೆ ನಾನು ನಂಬಲ್ಲ. ಬ್ಯಾಗು ಸಿಕ್ಕ ಮೇಲೆ ಸೆಲ್ ತೆಗೆದು, ಸ್ವಲ್ಪ ಬಿಟ್ಟು ಮತ್ತೆ ಹಾಕಿ. ಸಾಮಾನ್ಯವಾಗಿ ಆಗ ಟ್ಯಾಗು ತಾನಾಗಿ ಒಮ್ಮೆ ಕೂಗುತ್ತೆ. ಕೂಗಿ, ಫೋನಿಂದ ಒತ್ತಿದಾಗ ಮಾತ್ರ ಸುಮ್ಮನಿದ್ದರೆ ಹೆಚ್ಚಾಗಿ ಸೆಲ್ ಸರಿ ಇರುತ್ತೆ, ತೊಂದರೆ ಫೋನಿನ ಕಡೆ ಇರಬಹುದು. ಕೂಗಲೇ ಇಲ್ಲ ಅಂದರೆ ಸೆಲ್ಲಿನ ಮೇಲಿನ ಅಕ್ಷರ ಓದಿ. CR2032 ಬೇಕಾದ ಕಡೆ CR2025 ಹಾಕಿರುತ್ತಾರೆ. ಅಗಲ ಎರಡಕ್ಕೂ ಒಂದೇ, 20 ಮಿಲಿಮೀಟರ್. ದಪ್ಪ ಮಾತ್ರ 3.2ರ ಬದಲು 2.5, ಹಾಗಾಗಿ ಒಳಗಿನ ತಗಡಿಗೆ ಸರಿಯಾಗಿ ತಾಗದು. ಮಕ್ಕಳು ನುಂಗಬಾರದು ಅಂತ ಕಹಿ ಲೇಪನ ಹಚ್ಚಿದ ಸೆಲ್ಲುಗಳೂ ಬರುತ್ತವೆ. ಕೆಲವು ಟ್ಯಾಗುಗಳಲ್ಲಿ ಆ ಲೇಪನವೇ ವಿದ್ಯುತ್ತಿಗೆ ಅಡ್ಡ ನಿಲ್ಲುತ್ತೆ. ಮಕ್ಕಳಿರುವ ಮನೆಯಾದರೆ ಲೇಪನವಿಲ್ಲದ ಸೆಲ್ಲನ್ನು ಅವರ ಕೈಗೆ ಸಿಗದಂತೆ ಇಡಿ.

ಈಗ ನಿಮ್ಮ ಕೆಲಸ ಇಷ್ಟು: ಆಪ್‌ನಲ್ಲಿ ಟ್ಯಾಗು ಹಾಗೇ ಇರಲಿ, ಚುಕ್ಕಿಯ ಕೆಳಗಿನ ಸಮಯ ಬರೆದುಕೊಳ್ಳಿ, ಆ ಹೊತ್ತಿಗೆ ಬಸ್ಸಿನಲ್ಲಿದ್ದಿರಿ ಅಂತಾದರೆ ಅದರ ಕೊನೆಯ ಸ್ಟ್ಯಾಂಡಿಗೆ ಫೋನ್ ಹಿಡಿದು ಹೋಗಿ ಬನ್ನಿ. ನೀವು ಹತ್ತಿದ್ದು ಯಾವ ಬಸ್ಸು ಅಂತ ಕಾಮೆಂಟಿನಲ್ಲಿ ಬರೆದರೆ, ದಾವಣಗೆರೆ ಕಡೆಯದಾದರೆ ನಾನೇ ಸ್ಟ್ಯಾಂಡಿನಲ್ಲಿ ವಿಚಾರಿಸುತ್ತೀನಿ.